ಬಿತ್ತುವ ಮುನ್ನ ಕಾಳಿಗೆ ನೀರು
ಕಾರಟಗಿಯ ಒಣಬಿತ್ತನೆಯ ಭತ್ತವನ್ನು ಕುರಿತು ಒಂದು ವಿಚಾರ

ಭತ್ತವೆಂದರೆ ಕೆಸರಿನ ಬೆಳೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ನಂಬಿರುವ ಕಾರಟಗಿ, ಗಂಗಾವತಿ ಕಡೆಯ ಎರೆಯ ಭೂಮಿಗಳಲ್ಲಿಯಂತೂ, 1953ರಲ್ಲಿ ಅಣೆಕಟ್ಟು ಸಿದ್ಧವಾದ ಮೇಲೆ, ಸಸಿಮಡಿ ಹಾಕುವುದು, ಗದ್ದೆಗೆ ನೀರು ಕಟ್ಟಿ ಕೆಸರು ಮಾಡುವುದು, ಸಸಿ ಕಿತ್ತು ನಾಟಿ ಮಾಡುವುದು—ಇದೇ ಭತ್ತದ ಬೇಸಾಯವೆಂದು ತಲೆಮಾರುಗಳು ನಡೆದುಕೊಂಡು ಬಂದಿವೆ. ಆದರೆ ಈ ಕ್ರಮವೆಲ್ಲವೂ ಒಂದು ನಂಬಿಕೆಯ ಮೇಲೆ ನಿಂತಿರುವುದಷ್ಟೆ: ಬೇಕಾದ ಕಾಲಕ್ಕೆ ಬೇಕಾದಷ್ಟು ನೀರು ಕಾಲುವೆಯಲ್ಲಿ ಬರುತ್ತದೆ ಎಂಬ ನಂಬಿಕೆ. ಹೂಳು ತುಂಬಿ ಜಲಾಶಯದ ಹಿಡಿತ ಮೊದಲಿನ 133 ಟಿ.ಎಂ.ಸಿ.ಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ತುಂಬಿದ ಕೆರೆಯನ್ನೂ ಕಣ್ಣು ಮುಚ್ಚಿ ನಂಬಲಾಗದೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಕಾಲುವೆಯ ಕೊನೆಯ ಭಾಗದ ರೈತನಿಗೆ ಈ ಪಾಠ ಹೊಸದಲ್ಲ. ಅವನ ಹೊಲಕ್ಕೆ ನೀರು ಮುಟ್ಟುವ ವೇಳೆಗೆ ಮಡಿಯ ಸಸಿ ಬಲಿತು ನಾಟಿಗೆ ಬಾರದಂತಾಗುವುದೂ ಉಂಟು.

ಆದುದರಿಂದಲೇ ಈ ಭಾಗದಲ್ಲಿ ಇನ್ನೊಂದು ಕ್ರಮ ಹಬ್ಬುತ್ತಿದೆ. ಕೆಸರಿಲ್ಲ, ಮಡಿಯಿಲ್ಲ, ನಾಟಿಯಿಲ್ಲ. ಜೋಳ ಬಿತ್ತಿದಂತೆ ಭತ್ತವನ್ನೂ ಕೂರಿಗೆಯಿಂದ ಒಣಭೂಮಿಯಲ್ಲಿ ಬಿತ್ತಿ, ಜೂನಿನ ಮಳೆಯ ಮೇಲೆ ಅದನ್ನು ಎಬ್ಬಿಸಿಕೊಂಡು, ಜುಲೈಯಲ್ಲಿಯೋ ಅದರ ಮುಂದೆಯೋ ಕಾಲುವೆಯ ನೀರು ಬಂದಾಗ ಹಾಯಿಸಿಕೊಳ್ಳುವುದು. ನಾಟಿಗೆ ಎಕರೆಗೆ 25 ಕಿಲೊ ಬೀಜ ಬೇಕಾದರೆ ಇಲ್ಲಿ 10 ಕಿಲೊ ಸಾಕು. ಆಳು ಕಡಿಮೆ, ನೀರು ಕಡಿಮೆ. ಆದರೆ ಈ ಲಾಭಗಳೆಲ್ಲಕ್ಕೂ ಒಂದು ಷರತ್ತಿದೆ. ಬಿತ್ತಿದ ಕಾಳು ಏಕಪ್ರಕಾರವಾಗಿ, ಬೇಗನೆ ಮೇಲೇಳಬೇಕು. ಮಡಿಯಲ್ಲಿ ನೀರಿನ ಆರೈಕೆಯಲ್ಲಿ ಮೊಳೆಯುತ್ತಿದ್ದ ಕಾಳು ಈಗ ಬಿಸಿಲು, ಗಾಳಿ, ಬಿರುಸುಮಣ್ಣುಗಳ ನಡುವೆ ತಾನೇ ದಾರಿ ಮಾಡಿಕೊಳ್ಳಬೇಕು. ಆ ಕಾಳನ್ನು ಬಿತ್ತುವ ಮುನ್ನ ಕೆಲವು ತಾಸು ನೆನೆಸಿ, ಮತ್ತೆ ಒಣಗಿಸಿ ಬಿತ್ತಿದರೆ ಅದರ ಹಾದಿ ಸುಗಮವಾಗುವುದೆಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಇದನ್ನೇ ಬೀಜವನ್ನು ಕಠಿಣಗೊಳಿಸುವುದು ಎಂದು ಕರೆಯುವ ವಾಡಿಕೆ. ಇದು ನಿಜವೆ? ನಿಜವಾದರೆ ಏಕೆ? ಎಲ್ಲ ಸಂದರ್ಭದಲ್ಲಿಯೂ ನಿಜವೆ? ಈ ಮೂರನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದುದು ಅದೇ.

ಮೊದಲು ಕಾಳಿನೊಳಗೆ ಏನು ನಡೆಯುವುದೆಂಬುದನ್ನು ನೋಡೋಣ. ಕಣಜದಲ್ಲಿರುವ ಬಿತ್ತನೆಯ ಭತ್ತದ ತೂಕದಲ್ಲಿ ನೂರಕ್ಕೆ 12–13 ಪಾಲು ಮಾತ್ರ ನೀರು. ಇಷ್ಟು ಒಣಗಿದ ಸ್ಥಿತಿಯಲ್ಲಿ ಭ್ರೂಣವು ಸತ್ತಿರುವುದಿಲ್ಲ, ಬದುಕಿನ ವ್ಯಾಪಾರವನ್ನು ಬಹುಮಟ್ಟಿಗೆ ನಿಲ್ಲಿಸಿರುತ್ತದೆ. ಅಂತಹ ಕಾಳನ್ನು ನೀರಿಗೆ ಹಾಕಿದೊಡನೆ ಅದು ಬಿರುಸಾಗಿ ನೀರು ಕುಡಿಯುತ್ತದೆ. ಇದು ಮೊದಲನೆಯ ಘಟ್ಟ. ಇದರಲ್ಲಿ ಜೀವಕ್ರಿಯೆಗೆ ಹೆಚ್ಚಿನ ಪಾತ್ರವಿಲ್ಲ. ಸತ್ತ ಕಾಳೂ ಹೀಗೆಯೇ ಊದುತ್ತದೆ. ಎರಡನೆಯ ಘಟ್ಟದಲ್ಲಿ ಕುಡಿಯುವುದು ಹೆಚ್ಚುಕಡಿಮೆ ನಿಂತುಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಕಾಳು ಸುಮ್ಮನಿರುವಂತೆ ಕಾಣುವುದು. ಆದರೆ ನಿಜವಾದ ಕೆಲಸ ನಡೆಯುವುದು ಆಗಲೇ. ಕಣಜದಲ್ಲಿದ್ದಾಗ ಭ್ರೂಣದ ಜೀವಕೋಶಗಳಲ್ಲಿ ಉಂಟಾದ ಹಾನಿಯನ್ನು, ಡಿ.ಎನ್.ಎ. ಎಳೆಗಳ ಬಿರುಕುಗಳನ್ನೂ ಒಳಗೊಂಡಂತೆ, ಜೀವಕೋಶಗಳು ದುರಸ್ತಿ ಮಾಡಿಕೊಳ್ಳುತ್ತವೆ. ಉಸಿರಾಟದ ಅಂಗಗಳು ಮತ್ತೆ ಕೆಲಸ ಹಿಡಿಯುತ್ತವೆ. ಭ್ರೂಣದಿಂದ ಹೊರಟ ಜಿಬ್ಬರೆಲಿನ್ ಎಂಬ ರಸ ಕಾಳಿನ ಹೊರಪದರಕ್ಕೆ ಸಂದೇಶ ಮುಟ್ಟಿಸಿ, ಪಿಷ್ಟವನ್ನು ಕರಗಿಸಿ ಸಕ್ಕರೆ ಮಾಡತಕ್ಕ ಕಿಣ್ವಗಳನ್ನು ಹುಟ್ಟಿಸುತ್ತದೆ. ಈ ಸಿದ್ಧತೆಯೆಲ್ಲ ಮುಗಿದ ಮೇಲೆ ಮೂರನೆಯ ಘಟ್ಟ: ಕಾಳು ಮತ್ತೆ ನೀರು ಕುಡಿಯುತ್ತದೆ, ಹೊಟ್ಟು ಒಡೆದು ಮೊಳಕೆ ಹೊರಬೀಳುತ್ತದೆ.

ಈ ಮೂರು ಘಟ್ಟಗಳ ನಡುವೆ ಒಂದು ಗಡಿಯಿದೆ. ಇಡಿಯ ವಿದ್ಯೆಯ ಮರ್ಮ ಆ ಗಡಿಯಲ್ಲಿದೆ. ಎರಡನೆಯ ಘಟ್ಟ ಮುಗಿಯುವ ತನಕ ಕಾಳನ್ನು ಮರಳಿ ಒಣಗಿಸಿದರೆ ಅದಕ್ಕೆ ಅಪಾಯವಿಲ್ಲ. ಅಷ್ಟೇ ಅಲ್ಲ, ಮಾಡಿ ಮುಗಿಸಿದ ದುರಸ್ತಿಯ ಕೆಲಸದ ಬಹುಭಾಗ ಒಣಗಿದ ಮೇಲೂ ಉಳಿದಿರುತ್ತದೆ. ಮುಂದೆ ಮಣ್ಣಿನಲ್ಲಿ ನೀರು ಸಿಕ್ಕಾಗ ಆ ಕಾಳು ಮೊದಲಿನಿಂದ ತೊಡಗಬೇಕಾಗಿಲ್ಲ. ಆದರೆ ಒಮ್ಮೆ ಮೊಳಕೆ ಹೊರಬಿದ್ದಿತೆಂದರೆ, ಒಣಗನ್ನು ತಾಳುವ ಶಕ್ತಿ ಅದನ್ನು ಬಿಟ್ಟುಹೋಗುತ್ತದೆ. ಆಮೇಲೆ ಒಣಗಿಸಿದರೆ ಅದು ಸಾಯುವುದೇ ಸರಿ. ಕಠಿಣಗೊಳಿಸುವುದೆಂದರೆ, ಕಾಳನ್ನು ಈ ಗಡಿಯ ಸಮೀಪಕ್ಕೆ ಕರೆದೊಯ್ದು, ದಾಟಲು ಬಿಡದೆ ಹಿಂದಕ್ಕೆ ಕರೆತರುವುದು. ಹೆಸರು ಹೇಳುವಂತೆ ಇಲ್ಲಿ ಕಾಳೇನೂ ಗಟ್ಟಿಯಾಗುವುದಿಲ್ಲ. ತನ್ನ ಕೆಲಸದ ಒಂದು ಪಾಲನ್ನು ಮುಂಗಡವಾಗಿ ಮಾಡಿಟ್ಟುಕೊಳ್ಳುತ್ತದೆ.

ನೆನೆಸಿ ಒಣಗಿಸುವ ಈ ವಿಚಾರ ನಿನ್ನೆ ಮೊನ್ನೆಯದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೇಸಾಯದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ, ಧಾನ್ಯದ ಬೀಜಗಳನ್ನು ಏಳು ರಾತ್ರಿಗಳವರೆಗೆ ಮಂಜಿನಲ್ಲಿ ನೆನೆಯಿಸಿ ಹಗಲಿನ ಬಿಸಿಲಿನಲ್ಲಿ ಒಣಗಿಸಬೇಕೆಂದೂ, ದ್ವಿದಳಗಳಿಗೆ ಮೂರು ಅಥವಾ ಐದು ರಾತ್ರಿ ಸಾಕೆಂದೂ ವಿಧಿಸಿದೆ. ದ್ವಿದಳದ ಕಾಳು ಬೇಗ ನೆನೆಯುವುದೆಂಬುದನ್ನು ಆ ಕಾಲದವರು ಗಮನಿಸಿದ್ದರೆಂದು ಇದರಿಂದ ಊಹಿಸಬಹುದು. 1930ರ ದಶಕದಲ್ಲಿ ರಷ್ಯದ ಸಸ್ಯಶಾಸ್ತ್ರಜ್ಞ ಗೆಂಕೆಲ್ ಇದೇ ಕ್ರಮವನ್ನು ಪ್ರಯೋಗಕ್ಕೆ ತಂದು, ಹೀಗೆ ನೆನೆದು ಒಣಗಿದ ಬೀಜದಿಂದ ಹುಟ್ಟಿದ ಗಿಡ ಜೀವಮಾನವಿಡೀ ಬರವನ್ನು ತಾಳಬಲ್ಲುದೆಂದು ವಾದಿಸಿದನು. ಕಠಿಣಗೊಳಿಸುವುದೆಂಬ ಹೆಸರಿನ ಹಿಂದಿರುವುದು ಈ ವಾದ. ಅಷ್ಟು ದೂರದ ಫಲದ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಬೇಗ ಮೊಳೆಯುವುದೆಂಬ ಹತ್ತಿರದ ಫಲದಲ್ಲಿ ಮಾತ್ರ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. 1990ರ ದಶಕದಲ್ಲಿ ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾನಿಲಯದ ಡೇವಿಡ್ ಹ್ಯಾರಿಸ್ ಮತ್ತು ಅವರ ಸಂಗಡಿಗರು ಪಶ್ಚಿಮ ಭಾರತದ ಮಳೆಯಾಶ್ರಿತ ಹಳ್ಳಿಗಳಲ್ಲಿ ರೈತರ ಕೈಯಿಂದಲೇ ಭತ್ತ, ಮೆಕ್ಕೆಜೋಳ, ಕಡಲೆಗಳನ್ನು ಬರಿಯ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮೇಲುಮೇಲಿನ ನೀರು ಆರಿಸಿ ಬಿತ್ತಿಸಿ ನೋಡಿದರು. ಪೈರು ಬೇಗನೆಯೂ ಒತ್ತಾಗಿಯೂ ಎದ್ದಿತೆಂದು ಆ ರೈತರೇ ಹೇಳಿದರು. 1999ರಲ್ಲಿ ಪ್ರಕಟವಾದ ಆ ವರದಿಯ ಮುಖ್ಯ ಪಾಠ ಇದು: ಇದಕ್ಕೆ ಬೇಕಾದುದು ಒಂದು ಬಕೆಟ್ಟು ಮತ್ತು ಗಡಿಯಾರ.

ಈಗ ಕಾರಟಗಿಯ ಹೊಲಕ್ಕೆ ಬರೋಣ. ಜೂನ್ ಮೂರನೆಯ ವಾರದಲ್ಲಿ ಮೂವತ್ತು ಮಿಲಿಮೀಟರಿನಷ್ಟು ಒಂದು ಹದಮಳೆ ಆಯಿತೆಂದಿಟ್ಟುಕೊಳ್ಳೋಣ. ಎರಡು ದಿನ ಬಿಟ್ಟು ಎರೆ ಹದಕ್ಕೆ ಬಂದಾಗ ಕೂರಿಗೆ ಹೂಡಿ, ಮೂರು ಸೆಂಟಿಮೀಟರ್ ಆಳಕ್ಕೆ ಕಾಳು ಬಿಟ್ಟರು. ಆ ಹೊತ್ತಿನ ಬಿಸಿಲಿಗೂ ಬೀಸುಗಾಳಿಗೂ ಕಾಳಿರುವ ಪದರಿನ ಹಸಿ ಐದು ದಿನ ಮಾತ್ರ ನಿಲ್ಲುವುದೆಂದು ಹಿಡಿಯೋಣ. ಒಣಕಾಳು ಬಕೆಟ್ಟಿನ ನೀರಿನಲ್ಲಿ ಕುಡಿದಂತೆ ಮಣ್ಣಿನಲ್ಲಿ ಕುಡಿಯಲಾರದು. ಹೆಂಟೆಗಳು ಅದನ್ನು ಅಲ್ಲಲ್ಲಿ ಮಾತ್ರ ಮುಟ್ಟಿರುತ್ತವೆ. ಮಣ್ಣು ಆರಿದಂತೆಲ್ಲ ಅದು ತನ್ನ ನೀರನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕುಡಿಯಲು ಎರಡು ದಿನ, ಒಳಗಿನ ಸಿದ್ಧತೆಗೆ ಒಂದು ದಿನ, ಮೂರು ಸೆಂಟಿಮೀಟರ್ ಮಣ್ಣನ್ನು ದಾಟಿ ಮೇಲೇಳಲು ಮೂರು ದಿನ: ಒಟ್ಟು ಆರು ದಿನ. ಹಸಿ ಇರುವುದು ಐದು ದಿನ. ಐದನೆಯ ದಿನ ಮೇಲ್ಮಣ್ಣು ಹಕ್ಕಳೆಗಟ್ಟುತ್ತದೆ. ಮೊಳಕೆ ಅದರ ಅಡಿಯಲ್ಲಿ ಸೊಟ್ಟಗೆ ತಿರುಗಿ ಅಲ್ಲಿಯೇ ಬಾಡುತ್ತದೆ. ಮೊದಲೇ ನೆನೆದು ಒಣಗಿದ ಕಾಳಾದರೋ, ನೀರನ್ನು ಮತ್ತೆ ಕುಡಿಯಲೇಬೇಕಾದರೂ, ಸಿದ್ಧತೆಯ ದಿನವನ್ನು ಬಹುಪಾಲು ಉಳಿಸಿಕೊಂಡು, ಒಂದು ಒಂದೂವರೆ ದಿನ ಮುಂಚಿತವಾಗಿ ಹಕ್ಕಳೆ ಬಿಗಿಯುವುದರೊಳಗೆ ತಲೆ ಎತ್ತುತ್ತದೆ. ಇವು ವಿಷಯವನ್ನು ತಿಳಿಯಾಗಿಸಲು ನಾವು ಹಿಡಿದ ಅಂಕಿಗಳು. ಹೊಲದಿಂದ ಹೊಲಕ್ಕೆ ಬದಲಾಗುತ್ತವೆ. ಆದರೆ ತರ್ಕ ಬದಲಾಗದು. ಇದು ಮೊಳಕೆಗೂ ಒಣಗುವ ಮಣ್ಣಿಗೂ ನಡೆಯುವ ಓಟದ ಪಂದ್ಯ. ನೆನೆಸುವುದರಿಂದ ಕಾಳಿಗೆ ಹೊಸ ಶಕ್ತಿಯೇನೂ ಬರುವುದಿಲ್ಲ, ಓಟದಲ್ಲಿ ಅದಕ್ಕೆ ಒಂದು ದಿನದ ಮುನ್ನಡೆ ದೊರಕುತ್ತದೆ.

ಆ ಒಂದು ದಿನದ ಬೆಲೆಯೆಷ್ಟು? ಸೋನಾ ಮಸೂರಿ ಸಣ್ಣ ಕಾಳು. ಸಾವಿರ ಕಾಳು ಸುಮಾರು 15 ಗ್ರಾಂ ತೂಗುತ್ತದೆ. ಹಾಗಾದರೆ 10 ಕಿಲೊ ಬೀಜದಲ್ಲಿ ಆರು ಲಕ್ಷ ಅರವತ್ತು ಸಾವಿರದಷ್ಟು ಕಾಳುಗಳಿರುತ್ತವೆ. ಎಕರೆಯ ಮೇಲೆ ಹರಡಿದರೆ ಚದರ ಮೀಟರಿಗೆ ಸುಮಾರು 165. ನೂರಕ್ಕೆ ಎಂಬತ್ತು ಎದ್ದರೆ 130 ಸಸಿ ನಿಲ್ಲುತ್ತವೆ. ಐವತ್ತು ಮಾತ್ರ ಎದ್ದರೆ 80 ಚಿಲ್ಲರೆ. ಈ 80 ಎಲ್ಲೆಡೆ ಸಮನಾಗಿ ಹಂಚಿದ್ದರೆ ಭತ್ತ ತೆಂಡೆ ಒಡೆದು ಹೇಗೋ ತುಂಬಿಕೊಳ್ಳುತ್ತಿತ್ತು. ಆದರೆ ಹಸಿ ಆರಿದ ಕಡೆ ಮಾರುದ್ದ ಸಾಲು ಖಾಲಿಯಾಗಿ, ಹಸಿ ನಿಂತ ಕಡೆ ಮಾತ್ರ ಪೈರು ಒತ್ತಾಗಿರುವುದೇ ಹೆಚ್ಚು. ಕೆಸರುಗದ್ದೆಯಲ್ಲಿ ನಿಂತ ನೀರು ಕಳೆಯನ್ನು ತಡೆಯುತ್ತಿತ್ತು. ಒಣಬಿತ್ತನೆಯಲ್ಲಿ ಆ ಕಾವಲಿಲ್ಲ. ಭತ್ತ ಏಳದ ಜಾಗದಲ್ಲಿ ಕಳೆ ಎದ್ದೇ ಏಳುತ್ತದೆ.

ಈ ಕೆಲಸವನ್ನು ಮಾಡುವ ಬಗೆಯನ್ನು ಒಂದು ಎಕರೆಯ ಲೆಕ್ಕದಲ್ಲಿ ವಿವರಿಸುತ್ತೇವೆ. 10 ಕಿಲೊ ಬೀಜವನ್ನು ನೀರಿನಲ್ಲಿ ಹಾಕಿ, ತೇಲುವ ಜೊಳ್ಳನ್ನು ತೆಗೆದುಬಿಡಬೇಕು. ಬಳಿಕ 10 ಲೀಟರ್ ಸಿಹಿನೀರಿನಲ್ಲಿ ನೆನೆಹಾಕಬೇಕು. ಭತ್ತಕ್ಕೆ ಶೇಕಡಾ 1ರ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವನ್ನು ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯ ಸೂಚಿಸಿದೆ; ಅಂದರೆ 10 ಲೀಟರಿಗೆ 100 ಗ್ರಾಂ. ಇದು ರೈತರು ಗೊಬ್ಬರವಾಗಿ ಬಳಸುವ ಪೊಟ್ಯಾಷ್‌ನ ಸಾರವೇ. ಉಪ್ಪು ಇಲ್ಲಿ ಮಾಡುವ ಕೆಲಸವೇನು? ನಮ್ಮ ಶಾಲೆಯ ಪಾಠದಲ್ಲಿ ಬರುವ ಅಭಿಸರಣದ ಕೆಲಸ. ಶೇಕಡಾ 1ರ ಈ ದ್ರಾವಣ ಸುಮಾರು ಆರೂವರೆ ವಾಯುಭಾರದಷ್ಟು ಬಲದಿಂದ ನೀರನ್ನು ತನ್ನಲ್ಲಿ ಹಿಡಿದುಕೊಂಡಿರುತ್ತದೆ. ಆದುದರಿಂದ ಕಾಳು ಬರಿಯ ನೀರಿನಲ್ಲಿ ಕುಡಿದಷ್ಟು ಆತುರದಿಂದ ಕುಡಿಯಲಾರದು. ಗಡಿಯನ್ನು ದಾಟುವ ಭಯ ಸ್ವಲ್ಪ ಕಡಿಮೆಯಾಗುತ್ತದೆ. ಉಪ್ಪು ಒಂದು ಕಡಿವಾಣ; ನಡೆಸುವುದು ನೀರು. ಬೀಜಕ್ಕೆ ಜೀವ ತುಂಬುವುದೆಂದು ಹೇಳಿ ಬಣ್ಣದ ಪೊಟ್ಟಣಗಳನ್ನು ಮಾರುವವರಿಂದ ಕೊಳ್ಳುವ ಮೊದಲು, ಬರಿಯ ನೀರಿನಲ್ಲಿ ನೆನೆಸಿದ ಬೀಜಕ್ಕಿಂತ ಅದು ಎಷ್ಟು ಮೇಲೆಂದು ಕೇಳುವುದು ವಿವೇಕ. ಒಣಬೀಜಕ್ಕೆ ಹೋಲಿಸಿ ತೋರಿಸಿದರೆ ಅದು ಪೊಟ್ಟಣದ ಗುಣವಲ್ಲ, ನೀರಿನ ಗುಣ.

ನೆನೆದ ಬಳಿಕ ಬಸಿದು, ನೆರಳಿನಲ್ಲಿ ಗೋಣಿಯ ಮೇಲೆ ತೆಳುವಾಗಿ ಹರವಿ, ಆಗಾಗ ಕೈಯಾಡಿಸಿ ಒಣಗಿಸಬೇಕು. ಬಿಸಿಲಿಗೆ ಹಾಕಬಾರದು, ನೆನೆದ ಭ್ರೂಣ ಒಣ ಭ್ರೂಣಕ್ಕಿಂತ ಬಿಸಿಗೆ ಬಹಳ ಮೆದು. ಎಷ್ಟು ಒಣಗಿಸಬೇಕು? ಇದಕ್ಕೆ ತಕ್ಕಡಿಯೇ ಉತ್ತರ ಹೇಳುತ್ತದೆ. 10 ಕಿಲೊ ಬೀಜದಲ್ಲಿ ನೂರಕ್ಕೆ 12ರಂತೆ ನೀರಿದ್ದರೆ, ಉಳಿದ ಒಣಸತ್ತ್ವ 8 ಕಿಲೊ 800 ಗ್ರಾಂ. ನೆನೆದು ನೂರಕ್ಕೆ 28ರಷ್ಟು ನೀರಾದಾಗ ಅದೇ ಬೀಜ 12 ಕಿಲೊ 200 ಗ್ರಾಂ ತೂಗುತ್ತದೆ. ಒಣಗಿಸುತ್ತ ಅದು ಮತ್ತೆ 10 ಕಿಲೊಗ್ರಾಮಿನ ಸಮೀಪಕ್ಕೆ ಬಂದಾಗ ಮೊದಲಿನ ಸ್ಥಿತಿಗೆ ಮರಳಿತೆಂದು ತಿಳಿಯಬೇಕು. ಹೀಗೆ ಪೂರ್ತಿ ಒಣಗಿಸುವುದರಿಂದ ಎರಡು ಪ್ರಯೋಜನಗಳುಂಟು. ಬೀಜ ಒಂದಕ್ಕೊಂದು ಅಂಟದೆ ಕೂರಿಗೆಯಲ್ಲಿ ಸಲೀಸಾಗಿ ಇಳಿಯುತ್ತದೆ. ನಡುವೆ ಮಳೆ ಬಂದು ಬಿತ್ತನೆ ನಿಂತರೆ ಕೆಲವು ದಿನ ಕಾಯಲೂಬಹುದು. ಆದರೆ ವಾರ ದಾಟಿಸಬಾರದು. ಒಮ್ಮೆ ಎಚ್ಚರಿಸಿ ಮಲಗಿಸಿದ ಕಾಳು, ಎಚ್ಚರಿಸದ ಕಾಳಿನಷ್ಟು ಕಾಲ ಕಣಜದಲ್ಲಿ ಬಾಳುವುದಿಲ್ಲ. ಔಷಧ ಲೇಪಿಸಿ ಬರುವ ಬಣ್ಣದ ಬೀಜವನ್ನಂತೂ ನೆನೆಸಲೇಬಾರದು. ಔಷಧ ತೊಳೆದುಹೋಗುವುದಲ್ಲದೆ ಆ ನೀರು ದನಕರುಗಳಿಗೆ ವಿಷವಾಗುತ್ತದೆ. ಲೇಪಿಸುವುದಿದ್ದರೆ ನೆನೆಸಿ ಒಣಗಿಸಿದ ಮೇಲೆ ಲೇಪಿಸತಕ್ಕದ್ದು.

ಉಳಿದುದು ಎಷ್ಟು ತಾಸು ಎಂಬ ಪ್ರಶ್ನೆ. ಭತ್ತಕ್ಕೆ ಹನ್ನೆರಡರಿಂದ ಹದಿನೆಂಟು ತಾಸು, ಜೋಳಕ್ಕೆ ಎಂಟರಿಂದ ಹತ್ತು, ಕಡಲೆಗೆ ಎಂಟು ಎಂದು ಪುಸ್ತಕಗಳು ಹೇಳುತ್ತವೆ. ಇವನ್ನು ಮಂತ್ರದಂತೆ ನಂಬಬಾರದೆಂಬುದು ನಮ್ಮ ಆಗ್ರಹ. ಜೂನಿನ ಸೆಕೆಯಲ್ಲಿ ನೀರು ಬೆಚ್ಚಗಿದ್ದರೆ ಗಡಿ ಬೇಗ ಬರುತ್ತದೆ. ತಳಿಯಿಂದ ತಳಿಗೆ, ಬೀಜದ ವಯಸ್ಸಿನಿಂದ ವಯಸ್ಸಿಗೆ ಅದು ಬದಲಾಗುತ್ತದೆ. ಆದುದರಿಂದ ಆ ವರ್ಷದ ಬೀಜದಲ್ಲಿ ಆ ಊರಿನಲ್ಲಿಯೇ ಗಡಿಯನ್ನು ಗುರುತಿಸಬೇಕು. ಪ್ರೌಢಶಾಲೆಯ ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಮಾಡಬಲ್ಲರು. ನೂರು ನೂರು ಕಾಳುಗಳ ಆರು ಗುಂಪುಗಳನ್ನು ಒಂದೇ ಹೊತ್ತಿಗೆ ನೆನೆಹಾಕಿ, 6, 12, 18, 24, 30, 36 ತಾಸುಗಳಿಗೆ ಒಂದೊಂದನ್ನು ಹೊರತೆಗೆದು, ಒರಸಿ, ಒಣ ಬಟ್ಟೆಯ ಮೇಲೆ ಹರವಿಡಬೇಕು. ಮರುದಿನ ನೋಡಿದಾಗ ಮೊದಲ ಗುಂಪುಗಳ ಕಾಳುಗಳು ಸುಮ್ಮನೆ ಒಣಗಿರುತ್ತವೆ. ಯಾವುದೋ ಒಂದು ಗುಂಪಿನಿಂದ ಮುಂದೆ, ನೀರಿನಿಂದ ತೆಗೆದ ಮೇಲೆಯೂ ಕಾಳುಗಳು ತಾವೇ ಮೊಳೆಯುವುದು ಕಾಣುತ್ತದೆ. ಭ್ರೂಣವಿರುವ ತುದಿಯಲ್ಲಿ ಹೊಟ್ಟು ಬಿರಿದು ಬಿಳಿಯ ಚುಕ್ಕೆ ಇಣುಕುತ್ತದೆ. ಆ ಗುಂಪು ಗಡಿಯನ್ನು ದಾಟಿತು. ಅದರ ಹಿಂದಿನ ಗುಂಪಿನ ತಾಸುಗಳೇ ಆ ಬೀಜಕ್ಕೆ ಸುರಕ್ಷಿತವಾದ ಮಿತಿ. ಬಳಿಕ, ಸುರಕ್ಷಿತ ಗುಂಪಿನ ನೂರು ಕಾಳನ್ನೂ ನೆನೆಸದ ನೂರು ಕಾಳನ್ನೂ ಎರಡು ತಗಡಿನ ಡಬ್ಬಿಗಳಲ್ಲಿ ಹೊಲದ ಮಣ್ಣಿಗೇ ಬಿತ್ತಿ, ಒಂದೇ ಅಳತೆಯ ನೀರು ಒಮ್ಮೆ ಮಾತ್ರ ಹಾಕಿ, ದಿನದಿನವೂ ಎದ್ದ ಸಸಿಗಳನ್ನು ಎಣಿಸಿ ಬರೆದಿಡಬೇಕು. ಕೊನೆಯ ಎಣಿಕೆಗಿಂತ ಯಾವ ದಿನ ಎಷ್ಟು ಎದ್ದವೆಂಬುದೇ ಇಲ್ಲಿ ಹೆಚ್ಚು ತಿಳಿಸುತ್ತದೆ. ನೆನೆಸದ ಬೀಜವೇ ನೂರಕ್ಕೆ ಎಂಬತ್ತಕ್ಕಿಂತ ಕಡಿಮೆ ಮೊಳೆತರೆ ಬೀಜವನ್ನೇ ಬದಲಾಯಿಸತಕ್ಕದ್ದು. ಕೆಟ್ಟ ಬೀಜವನ್ನು ನೆನೆಸಿ ಒಳ್ಳೆಯದು ಮಾಡಲು ಬಾರದು.

ಈಗ ಮೊದಲು ಎತ್ತಿದ ಮೂರನೆಯ ಪ್ರಶ್ನೆ: ನೆನೆಸಿ ಬಿತ್ತುವುದು ಎಲ್ಲ ಸಂದರ್ಭದಲ್ಲಿಯೂ ಒಳ್ಳೆಯದೆ? ಒಣಬಿತ್ತನೆ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕೆಲಸಗಳು ಅಡಗಿವೆ. ಒಂದು, ಮಳೆಯಾಗಿ ಹದ ಬಂದ ಮೇಲೆ ಬಿತ್ತುವುದು. ಇನ್ನೊಂದು, ಮಳೆಗೆ ಮೊದಲೇ ಧೂಳಿನಲ್ಲಿ ಬಿತ್ತಿ ಮಳೆಯ ದಾರಿ ಕಾಯುವುದು. ಮೊದಲನೆಯದರಲ್ಲಿ ಹಸಿ ಇದೆ, ಅದು ಆರುತ್ತಿದೆ. ಅಲ್ಲಿ ವೇಗ ಗೆಲ್ಲುತ್ತದೆ. ಎರಡನೆಯದರಲ್ಲಿ ಸ್ಥಿತಿ ಬೇರೆ. ಬಿತ್ತಿದ ವಾರಕ್ಕೆ ಎಂಟು ಹತ್ತು ಮಿಲಿಮೀಟರಿನ ಒಂದು ಹುಸಿಮಳೆ ಬಿದ್ದು, ಆಮೇಲೆ ಹತ್ತು ದಿನ ಬಿಸಿಲು ಕಾಯಿತೆನ್ನೋಣ. ನೆನೆಸದ ಕಾಳು ಆ ಅಲ್ಪ ಹಸಿಯಲ್ಲಿ ನೀರು ಕುಡಿಯುತ್ತ, ಸಿದ್ಧತೆ ಮುಗಿಯುವುದರೊಳಗೆ ಮಣ್ಣು ಆರಿ, ತಾನೂ ಆರಿ, ಗಡಿಯ ಈಚೆಗೇ ಉಳಿದು ಬದುಕಬಹುದು. ನೆನೆಸಿ ಸಿದ್ಧಪಡಿಸಿದ ಕಾಳು ಅದೇ ಅಲ್ಪ ಹಸಿಯನ್ನು ನಂಬಿ ಗಡಿ ದಾಟಿ ಮೊಳೆತು, ಹಿಂದಿರುಗಲಾರದೆ ಸಾಯಬಹುದು. ಯಾವ ಚುರುಕುತನ ಹದದ ಹೊಲದಲ್ಲಿ ಕಾಳನ್ನು ಉಳಿಸಿತೋ ಅದೇ ಚುರುಕುತನ ಧೂಳಿನ ಹೊಲದಲ್ಲಿ ಅದಕ್ಕೆ ಮುಳುವಾಗಬಲ್ಲುದು. ಜೋಳದಂತಹ ಕಾಳನ್ನು ಐದು ಸೆಂಟಿಮೀಟರ್ ಆಳಕ್ಕೆ ಇಳಿಸಿ ಹುಸಿಮಳೆಯಿಂದ ಮರೆಮಾಡಬಹುದು. ನಮ್ಮ ಗಿಡ್ಡ ಭತ್ತದ ತಳಿಗಳ ಎಳೆಮೊಳಕೆ ಅಷ್ಟು ಆಳದಿಂದ ಏಳಲಾರದು; ಮೂರು ನಾಲ್ಕು ಸೆಂಟಿಮೀಟರೇ ಅವುಗಳ ಮಿತಿ. ಆದುದರಿಂದ ಭತ್ತಕ್ಕೆ ಆ ಮರೆಯೂ ಇಲ್ಲ.

ಇದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಬಹುದು. ಹದದ ಮೇಲೆ ಬಿತ್ತುವವರು ಮತ್ತು ಬಿತ್ತಿದ ಒಂದೆರಡು ದಿನಗಳಲ್ಲಿ ಕೊಳವೆಬಾವಿಯಿಂದಲೋ ಕಾಲುವೆಯಿಂದಲೋ ನೀರು ಕೊಡುವ ಭರವಸೆಯುಳ್ಳವರು ಬೀಜವನ್ನು ನೆನೆಸಿ ಒಣಗಿಸಿಯೇ ಬಿತ್ತಬೇಕು. ಧೂಳಿನಲ್ಲಿ ಬಿತ್ತಿ ಆಕಾಶ ನೋಡುವವರು ನೆನೆಸದೆ ಬಿತ್ತುವುದೇ ಲೇಸು. ಇಲ್ಲವೆ ಬೀಜವನ್ನು ಅರ್ಧ ಪಾಲು ಮಾಡಿ ಎರಡು ಬಗೆಯಾಗಿ ಬಿತ್ತಿ ಅಪಾಯವನ್ನು ಹಂಚಿಕೊಳ್ಳಬೇಕು. ಎಲ್ಲರಿಗೂ ಒಂದೇ ಮಾತಿನಲ್ಲಿ ನೆನೆಸಿರಿ ಎಂದು ಹೇಳುವ ಪ್ರಚಾರ ಈ ಎರಡನೆಯ ರೈತನಿಗೆ ಅನ್ಯಾಯ ಮಾಡುತ್ತದೆ. ಅವನ ಪೈರು ಒಣಗಿದಾಗ, ಮೊದಲನೆಯ ರೈತನೂ ಅದನ್ನು ನೋಡಿ ಒಳ್ಳೆಯ ಕ್ರಮವೊಂದನ್ನು ಕೈಬಿಡುತ್ತಾನೆ.

ಸವಳು ಜವಳಿನ ಮಾತನ್ನೂ ಇಲ್ಲಿ ಹೇಳಬೇಕು. ಕಾಲುವೆಯ ಬಸಿನೀರಿನಿಂದ ಈ ಪ್ರದೇಶದ ತಗ್ಗಿನ ಹೊಲಗಳಲ್ಲಿ ಉಪ್ಪು ಮೇಲೆ ಬಂದಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಇಂತಹ ನೆಲಕ್ಕೆಂದೇ ಗಂಗಾವತಿ ಸೋನಾ ಎಂಬ ತಳಿಯನ್ನು ನೀಡಿದೆ. ಸವಳು ಮಣ್ಣಿನಲ್ಲಿ ಹಸಿ ಕಣ್ಣಿಗೆ ಕಂಡರೂ ಉಪ್ಪು ಅದನ್ನು ಹಿಡಿದುಕೊಂಡಿರುವುದರಿಂದ ಕಾಳಿಗೆ ಅದು ಅರೆಬರವೇ ಸರಿ. ಅಲ್ಲಿಯೂ ಸಿದ್ಧಗೊಂಡ ಕಾಳಿಗೆ ಸ್ವಲ್ಪ ಅನುಕೂಲವಿದೆ. ಆದರೆ ನೆನೆಸುವ ನೀರೇ ಸವಳಾಗಿರಬಾರದು. ಜವಳಿನಲ್ಲಿ, ಅಂದರೆ ಬಿತ್ತಿದ ಮೇಲೆ ದೊಡ್ಡ ಮಳೆ ಸುರಿದು ಎರೆಯ ಮೇಲೆ ನೀರು ನಿಂತಾಗ, ಮಣ್ಣಿನಡಿಯ ಕಾಳಿಗೆ ಗಾಳಿ ಸಿಗದೆ ಅದು ಕೊಳೆಯುತ್ತದೆ. ಅದಕ್ಕೆ ನೆನೆಸುವುದು ಮದ್ದಲ್ಲ. ನೀರು ಬಸಿದುಹೋಗಲು ಬದುವಿಗೆ ಬಾಯಿ ಮಾಡುವುದೇ ಮದ್ದು.

ಪೈರು ಏಳದಿದ್ದಾಗ ದೋಷ ಎಲ್ಲಿದೆಯೆಂದು ತಿಳಿಯುವುದು ಕಷ್ಟವಲ್ಲ. ಖಾಲಿ ಸಾಲಿನ ಮಣ್ಣನ್ನು ಮೆಲ್ಲನೆ ಕೆದಕಿ ಕಾಳನ್ನು ಹೊರತೆಗೆದು ನೋಡಬೇಕು. ಕಾಳು ಊದದೆ ಗಟ್ಟಿಯಾಗಿದ್ದರೆ ಅದಕ್ಕೆ ಮಣ್ಣಿನ ಹಸಿ ಮುಟ್ಟಿಲ್ಲ; ಹೆಂಟೆ ಒಡೆದು ಮಣ್ಣನ್ನು ಅಮರಿಸಲಿಲ್ಲವೆಂದು ಅರ್ಥ. ಮೆತ್ತಗೆ ಹಿಸುಕಿದಂತೆ ಆಗಿ ನಾರುತ್ತಿದ್ದರೆ ಅದು ಜವಳಿನ ಕೆಲಸ. ಬೇರು ಬಿಟ್ಟು, ಮೊಳಕೆ ಸೊಟ್ಟಗಾಗಿ ಹಕ್ಕಳೆಯ ಕೆಳಗೆ ಬಾಡಿದ್ದರೆ, ಅದು ಓಟದಲ್ಲಿ ಸೋತ ಕಾಳು. ಮುಂದಿನ ಸಲ ನೆನೆಸುವುದರಿಂದ ಉಳಿಸಬಹುದಾದುದು ಇದನ್ನೇ. ಮೊಳಕೆಯ ಚುಕ್ಕೆ ಮಾತ್ರ ಮೂಡಿ ಅಲ್ಲಿಯೇ ಕಂದಿದ್ದರೆ, ಹುಸಿಮಳೆಗೆ ಮೋಸಹೋದುದೋ ಅಥವಾ ನೆನೆಸುವಾಗಲೇ ಗಡಿ ದಾಟಿಸಿದುದೋ ಇರಬೇಕು.

ಹೀಗೆ ನೋಡಿದರೆ ಕುಷ್ಟಗಿ, ಯಲಬುರ್ಗಿಗಳ ಒಣಬೇಸಾಯದವರಿಗೂ ಇದರಲ್ಲಿ ಪಾಠವಿದೆ. ಹಿಂಗಾರಿ ಜೋಳವನ್ನು ಎರೆಯ ಉಳಿದ ಹಸಿಯ ಮೇಲೆ ಬಿತ್ತುವಾಗ ಹಸಿ ದಿನದಿನಕ್ಕೆ ಕೆಳಗಿಳಿಯುತ್ತದೆ, ಮೇಲೆ ಮತ್ತೊಂದು ಮಳೆಯ ಭರವಸೆ ಕಡಿಮೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಆ ಜೋಳಕ್ಕೆ ಶೇಕಡಾ 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಎಂಟು ತಾಸು ನೆನೆಸಿ ನೆರಳಿನಲ್ಲಿ ಒಣಗಿಸಲು ಹೇಳಿರುವುದು ಈ ಕಾರಣದಿಂದಲೇ. ಅಲ್ಲಿಯೂ ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಹೊಲದಲ್ಲಿ ಇಂದು ಹಸಿ ಇದ್ದು ಆರುತ್ತಿದೆಯೋ, ಅಥವಾ ಇನ್ನೂ ಬರಬೇಕಾಗಿದೆಯೋ? ಇದ್ದರೆ ಕಾಳಿಗೆ ನೀರು ಕುಡಿಸಿ ಕಳುಹಿಸಬೇಕು. ಬರಬೇಕಾಗಿದ್ದರೆ ಅದನ್ನು ನಿದ್ದೆಯಲ್ಲಿಯೇ ಬಿಡಬೇಕು.